ಪ್ರಶ್ನೆಯಲ್ಲಿ ಇಲ್ಲದ ಫೋನ್ ನಂಬರು

ನಾನು ದಾವಣಗೆರೆಯವನು. ೨೦೧೮ರಲ್ಲಿ ವಿಶಾಖಪಟ್ಟಣದ ಒಂದು ಆಡಿಟ್ ಕಚೇರಿಯಲ್ಲಿ ಲೆಕ್ಕದ ವಂಚನೆ ಪತ್ತೆಹಚ್ಚುವ ಕೆಲಸದಲ್ಲಿದ್ದೆ. ಎಂವಿಪಿ ಕಾಲೋನಿಯಲ್ಲಿ ಮನೆ. ತಿಂಗಳಿಗೆ ಎರಡು ಭಾನುವಾರ ವಿಜಯವಾಡಕ್ಕೆ ಹೋಗಿ, ಪಟಮಟದ ಬಾಡಿಗೆ ಹಾಲೊಂದರಲ್ಲಿ ಅಕೌಂಟೆಂಟರಿಗೆ ಅದೇ ವಿಷಯವನ್ನು ಪಾಠ ಮಾಡುತ್ತಿದ್ದೆ.

ಪಾಠವೆಂದರೆ ಹೆಚ್ಚಾಗಿ ಪ್ರಕರಣದ ಪ್ರಶ್ನೆಗಳು. ಒಂದು ಕಲ್ಪಿತ ಸಂಸ್ಥೆ, ಅದರ ಖಾತೆಯ ನಾಲ್ಕು ಹಾಳೆ. ಎಲ್ಲಿ ಅನುಮಾನ ಬರುತ್ತದೆ, ಏಕೆ ಎಂದು ಅವರು ಬರೆಯಬೇಕು. ಆ ಸಲ ಒಂದು ಆಸ್ಪತ್ರೆಯ ಪ್ರಶ್ನೆ ಕೊಟ್ಟಿದ್ದೆ. ಕೈಗವಸು, ಹತ್ತಿ ಪೂರೈಸುವ ಒಬ್ಬ ವ್ಯಾಪಾರಿ. ಅವನ ಬಿಲ್ಲುಗಳೆಲ್ಲ ಮಾಲೀಕರ ಸಹಿ ಬೇಕಾಗುವ ಮಿತಿಗಿಂತ ಸ್ವಲ್ಪವೇ ಕಡಿಮೆ. ಜನವರಿಯ ಬಿಲ್ಲು ನಲವತ್ತೊಂದನೆಯದು, ಫೆಬ್ರವರಿಯದು ನಲವತ್ತೆರಡು, ಮಾರ್ಚಿನದು ನಲವತ್ತಮೂರು. ಅಂದರೆ ಅವನಿಗೆ ಬೇರೆ ಗಿರಾಕಿಯೇ ಇಲ್ಲ. ಉಗ್ರಾಣದ ಪುಸ್ತಕದಲ್ಲಿ ಮಾಲು ಬಂದ ಗುರುತಿಲ್ಲ.

ಉತ್ತರಗಳನ್ನು ವಾಪಸಾಗುವ ರೈಲಿನಲ್ಲಿ ತಿದ್ದಿದೆ. ಒಬ್ಬ ಹೆಂಗಸು ಎಲ್ಲವನ್ನೂ ಸರಿಯಾಗಿ ಗುರುತಿಸಿ, ಕೊನೆಗೆ ಇನ್ನೊಂದು ಸಾಲು ಸೇರಿಸಿದ್ದರು: ‘ಬಿಲ್ಲಿನ ಮೇಲಿರುವ ಫೋನ್ ನಂಬರು ಖರೀದಿ ನೋಡುವವರ ಹೆಂಡತಿಯದು.’ ನನ್ನ ಪ್ರಶ್ನೆಯಲ್ಲಿ ಫೋನೂ ಇರಲಿಲ್ಲ, ಹೆಂಡತಿಯೂ ಇರಲಿಲ್ಲ. ಕೆಂಪು ಶಾಯಿಯಲ್ಲಿ ಸಾಲು ಹೊಡೆದು, ‘ಊಹಿಸಿ ಬರೆಯಬೇಡಿ’ ಎಂದು ಷರಾ ಹಾಕಿದೆ.

ಮುಂದಿನ ತರಗತಿ ಮುಗಿದ ಮೇಲೆ ಅವರು ಆ ಹಾಳೆ ಹಿಡಿದು ಬಂದರು. ನಲವತ್ತರ ಆಸುಪಾಸು. ತಾಯಿ ರಾಯಚೂರಿನವರು, ತಂದೆ ವಿಜಯವಾಡದವರು. ನನ್ನ ಜೊತೆ ಮಾತ್ರ, ನಡುನಡುವೆ ತೆಲುಗು ಬೆರೆಸಿ, ಕನ್ನಡ ಆಡುತ್ತಿದ್ದರು.

“ಊಹೆ ಅಲ್ಲ ಸರ್. ನಿಮ್ಮ ಪ್ರಶ್ನೆ ಬಿಡಿಸ್ತಾ ಬಿಡಿಸ್ತಾ ನಮ್ಮ ಲೆಡ್ಜರ್ ನೆನಪಾಯ್ತು. ಅದೇ ಬರೆದುಬಿಟ್ಟೆ.”

ಅವರು ಒಂದು ಖಾಸಗಿ ನರ್ಸಿಂಗ್ ಹೋಮಿನ ಅಕೌಂಟೆಂಟ್. ಖರೀದಿ ನೋಡುತ್ತಿದ್ದವನು ಮಾಲೀಕ ಡಾಕ್ಟರ ಭಾಮೈದ.

“ನಮ್ಮಲ್ಲೂ ಅಂಥದೇ ವ್ಯಾಪಾರಿ ಒಬ್ಬ ಇದಾನೆ. ಅವನ ಬಿಲ್ಲು ನಾನೇ ಎಂಟ್ರಿ ಹಾಕಿದೀನಿ ಸರ್, ಮೂರು ವರ್ಷ. ಒಂದು ದಿನಾನೂ ಅನುಮಾನ ಬರಲಿಲ್ಲ. ಇನ್ನೊಂದು ಉಂದಿ, ಕೌಂಟರ್‌ದು. ರೋಗಿಗಳ ಹತ್ರ ಕ್ಯಾಷ್ ತಗೊಂಡು ರಸೀದಿ ಕೊಡ್ತಿಲ್ಲ ಅನಿಸ್ತದೆ. ಆದ್ರೆ ಲೆಡ್ಜರ್‌ನಲ್ಲಿ ಏಂ ಕಾಣ್ತಿಲ್ಲ.”

“ಕಾಣೋದಿಲ್ಲ ಅಮ್ಮ,” ಎಂದೆ. “ಬರೆಯೋಕೆ ಮೊದಲೇ ತೆಗೆದ ದುಡ್ಡು ಲೆಕ್ಕಕ್ಕೇ ಬಂದಿರಲ್ಲ. ಲೆಡ್ಜರಿನ ಆಚೆ ನೋಡಬೇಕು. ಡಾಕ್ಟರು ನೋಡಿದ ರೋಗಿಗಳ ಟೋಕನ್ ಎಷ್ಟು, ಹರಿದುಕೊಟ್ಟ ರಸೀದಿ ಎಷ್ಟು, ಎರಡನ್ನೂ ದಿನದಿನದ ಲೆಕ್ಕ ಇಟ್ಟು ಹೋಲಿಸಿ. ಕೌಂಟರಿನವನು ರಜೆ ಹಾಕಿದ ದಿನ ವಸೂಲಿ ಹೇಗಿತ್ತು ಅಂತಾನೂ ನೋಡಿ.”

ಯಾರನ್ನೂ ಪ್ರಶ್ನಿಸಬೇಡಿ, ಪ್ರತಿಗಳನ್ನು ಜೋಪಾನವಾಗಿಡಿ, ನೇರ ಮಾಲೀಕರಿಗೇ ಹೇಳಿ ಎಂದೆ. ಪುಸ್ತಕದಲ್ಲಿರುವ ಕ್ರಮ ಅಷ್ಟೇ.

ಹದಿನೈದು ದಿನಕ್ಕೆ ಅವರು ಒಂದು ಪಟ್ಟಿ ತಂದರು. ಕೌಂಟರಿನವನು ಇದ್ದ ದಿನಗಳಲ್ಲಿ ಟೋಕನ್ನಿಗಿಂತ ರಸೀದಿ ಹತ್ತು ಹನ್ನೆರಡು ಕಡಿಮೆ. ಅವನು ರಜೆಯಲ್ಲಿದ್ದ ದಿನ ಎರಡೂ ಹೆಚ್ಚುಕಡಿಮೆ ಸಮ. ಉಚಿತವಾಗಿ ನೋಡಿದವರನ್ನು ಕಳೆದೇ ಬರೆದಿದ್ದರು. ಅಚ್ಚುಕಟ್ಟಾದ ಕೆಲಸ. ಮರುದಿನ ಸೋಮವಾರ ಅದನ್ನೂ ಆ ವ್ಯಾಪಾರಿಯ ಬಿಲ್ಲುಗಳ ಪ್ರತಿಗಳನ್ನೂ ಡಾಕ್ಟರ ಮುಂದೆ ಇಟ್ಟರಂತೆ.

ಡಾಕ್ಟರು ಎಲ್ಲವನ್ನೂ ಓದಿದರು. ಕೇಳಿದ್ದು ಒಂದೇ ಪ್ರಶ್ನೆ: “ಈ ಬಿಲ್ಲುಗಳನ್ನು ಖಾತೆಗೆ ಹಾಕಿದ್ದು ಯಾರು?”

“ನಾನೇ ಸರ್.”

“ಮೂರು ವರ್ಷ ಸುಮ್ಮನಿದ್ದು ಈಗ ಯಾಕೆ?”

ಪಾಠಕ್ಕೆ ಸೇರಿದ್ದೇ ಈಗ ಎಂದರಂತೆ. ಡಾಕ್ಟರು ಕೌಂಟರಿನವನನ್ನು ಅವತ್ತೇ ಕೆಲಸದಿಂದ ಕಳಿಸಿದರು. ಆ ವ್ಯಾಪಾರಿಯ ಹೆಸರಿಗೆ ಚೆಕ್ಕು ಬರೆಯುವುದು ನಿಂತಿತು. ಭಾಮೈದ ಖರೀದಿ ಬಿಟ್ಟು ಕಟ್ಟಡ ರಿಪೇರಿ ನೋಡಿಕೊಳ್ಳತೊಡಗಿದ. ಪೊಲೀಸರಿಗೆ ದೂರು ಹೋಗಲಿಲ್ಲ. ತಿಂಗಳ ಕೊನೆಗೆ ಪಟ್ಟಿ ತಂದಿಟ್ಟ ಇವರ ಸಂಬಳವನ್ನೂ ಚುಕ್ತಾ ಮಾಡಿ, ಬೇರೆ ಕಡೆ ನೋಡಿಕೊಳ್ಳಿ ಎಂದರು.

ಇದನ್ನೆಲ್ಲ ಅವರು ಫೋನಿನಲ್ಲಿ ಹೇಳಿದರು. ದನಿಯಲ್ಲಿ ದೂರು ಇರಲಿಲ್ಲ.

“ಲಿಖಿತವಾಗಿ ಕೊಟ್ಟು ಸ್ವೀಕೃತಿ ತಗೊಂಡಿದ್ರಾ?” ಎಂದು ಕೇಳಿದೆ.

“ನೀವು ಹೇಳಿರಲಿಲ್ಲ ಕದಾ ಸರ್.”

ಹೇಳಿರಲಿಲ್ಲ, ನಿಜ. ಕಳ್ಳ ಎಲ್ಲಿ ಸಿಗುತ್ತಾನೆ ಎಂದು ವರ್ಷಗಟ್ಟಲೆ ಕಲಿಸಿದ್ದೆ. ಅವನನ್ನು ತೋರಿಸಿಕೊಟ್ಟವರ ಸಹಿಯೂ ಅದೇ ವೋಚರುಗಳ ಮೇಲಿರುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ನಾನು ಯಾವಾಗಲೂ ಹೊರಗಿನಿಂದ ಹೋಗಿ ಪರೀಕ್ಷಿಸಿ, ವರದಿ ಕೊಟ್ಟು, ಶುಲ್ಕ ಪಡೆದು ಬಂದವನು.

ಎರಡು ತಿಂಗಳ ನಂತರ ಅವರಿಗೆ ಪಟಮಟದಲ್ಲೇ ಒಂದು ಶಾಲೆಯ ಲೆಕ್ಕ ವಿಭಾಗದಲ್ಲಿ ಕೆಲಸ ಸಿಕ್ಕಿತು. ಸಂಬಳ ಮೊದಲಿಗಿಂತ ಕಡಿಮೆ. ೨೦೧೯ರ ಬೇಸಿಗೆಯಲ್ಲಿ ವಿಜಯವಾಡದ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಹೊಸ ಕೆಲಸ ಹೇಗಿದೆ ಎಂದೆ.

“ಬಾಗುಂದಿ ಸರ್. ಸೇರಿದ ಮೊದಲನೇ ದಿನಾನೇ ಹೇಳಿಬಿಟ್ಟೆ, ಮಾಲು ಬಂದ ಚೀಟಿ ಜೊತೆಗಿಲ್ಲದ ಬಿಲ್ಲು ನಾನು ಮುಟ್ಟಲ್ಲ ಅಂತ. ಹೆಡ್‌ಮಾಸ್ಟರಿಗೆ ಸ್ವಲ್ಪ ಕೋಪ ಬಂತು.”

ಅಷ್ಟರಲ್ಲಿ ಅವರ ಬಸ್ಸು ಬಂತು.