ಉತ್ತರ ಬಾರದೆ ಕೂರದ ಮಕ್ಕಳು

ನಸುಕಿನ ಬಸ್ಸಿಳಿದು, ಕೊರಳಿಗೆ ಉಣ್ಣೆ ಬಟ್ಟೆ ಸುತ್ತಿಕೊಂಡ ಬಸವಂತಮ್ಮ ಶಾಲೆಯ ಬೀಗ ತೆಗೆಯುತ್ತಾರೆ. ರಾಯಚೂರು ಜಿಲ್ಲೆಯ ಕುರ್ಡಿಯಾಚೆಯ ಈ ಸಣ್ಣ ಊರಿನ ಒಂದೇ ಕೋಣೆಯಲ್ಲಿ ನಾಲ್ಕು ತರಗತಿ. ಕಸ ಗುಡಿಸುವುದು, ಗಂಟೆ ಬಾರಿಸುವುದು, ಪಾಠ ಹೇಳುವುದು ಎಲ್ಲ ಅವರೇ. ೧೯೬೪ರಿಂದ ಈ ಹದಿನೆಂಟು ವರ್ಷ ಹೀಗೇ ಕೂಗಿ ಕೂಗಿ ಈಗ ಗಂಟಲು ಪೂರ್ತಿ ಹೋಗಿದೆ. ರಜೆ ತೆಗೆದುಕೊಳ್ಳಿ ಎಂದಿದ್ದಾರೆ ರಾಯಚೂರಿನ ಡಾಕ್ಟರು. ಆದರೆ ಹತ್ತಿ ಬಿಡಿಸುವ ಕಾಲ. ಶಾಲೆಗೆ ಬೀಗ ಬಿದ್ದರೆ ಹೊಲಕ್ಕೆ ಹೋದ ಹುಡುಗಿಯರು ಮರಳುವುದಿಲ್ಲ.

ಗಂಟೆಯಾಗುತ್ತದೆ. ಈ ವಾರದ ಲೀಡರ್, ಕೂಲಿ ಗೋಪಮ್ಮನ ಮಗಳು ಕನಕಮ್ಮ, "ಎಲ್ಲಾರೂ ಏಳ್ರಿ!" ಎನ್ನುತ್ತಾಳೆ.

"ನಮಸ್ತೇ... ಟೀಚರ್..."

ಬಸವಂತಮ್ಮ ಬಾಯಿ ತೆರೆಯುತ್ತಾರೆ. ಬರೀ ಗಾಳಿ. ಕೂರಿರೆಂದು ಕೈ ಮಾಡುತ್ತಾರೆ. ಯಾರೂ ಕೂರುವುದಿಲ್ಲ. ಉತ್ತರ ಬಂದಮೇಲೇ ಕೂರಬೇಕೆಂದು ಕಲಿಸಿದವರು ಅವರೇ.

"ಟೀಚರ್ ಸಿಟ್ಟಾಗ್ಯಾರಲೇ!"

"ನೀ ಕತ್ತೆಯಂಗ ಒದರಿದ್ರ ಮತ್ತೇನು? ಇನ್ನೊಮ್ಮಿ ಚೊಲೋ ಅನ್ರಲೇ!"

ಮತ್ತೊಮ್ಮೆ, ಸೂರು ಹಾರುವಂತೆ, ನಮಸ್ತೇ. ಮತ್ತೆ ಬರೀ ಗಾಳಿ. ಚಿಕ್ಕವರ ಕಣ್ಣು ತುಂಬುತ್ತವೆ. ಬಸವಂತಮ್ಮ ಸಾಲು ಸಾಲಿಗೆ ನಡೆದು, ಪ್ರತಿ ಸಾಲಿನ ಮುಂದೆ ನಿಂತು ಕೈಮುಗಿಯುತ್ತಾರೆ. ಒಂದೊಂದೇ ಸಾಲು ಕೂರುತ್ತದೆ. ಕೊನೆಯ ಸಾಲು ಮುಗಿಯುವಷ್ಟರಲ್ಲಿ ಅವರು ಗೋಡೆಗೆ ಒರಗಿದ್ದಾರೆ.

ಮಧ್ಯಾಹ್ನದ ಬಿಡುವಿನಲ್ಲಿ, ಶಾಲೆ ನೋಡಲು ಬಂದ ನಾನು ಈ ನಮಸ್ತೇ ಇಷ್ಟು ಮುಖ್ಯವೇಕೆ ಎಂದಾಗ, ಬಸವಂತಮ್ಮ ನನ್ನ ಕಿವಿಯ ಬಳಿ ಉಸಿರಿನಲ್ಲೇ ಮಾತಾಡುತ್ತಾರೆ. "ಜಗಳಾಡಿಕೋಂತ ಬಂದಿರ್ತಾವ್ರಿ. ಕೈ ಮುಗೀಬೇಕಂದ್ರ ಹಿಡದ ಅಂಗಿ ಬಿಡಬೇಕಲ್ಲ?"

ಹಾಗೆ ರಾಗ ಎಳೆಯುವುದೇಕೆ ಎಂದೆ.

"ಸಣ್ಣವು ಹಿಂದ ಬೀಳ್ತಾವ. ಅವು ಬರೋತನಕ ದೊಡ್ಡವು ಎಳದು ಕಾಯ್ತಾವ. ಮನ್ಯಾಗ ದಖ್ಖನಿ ಉರ್ದು ಮಾತಾಡೋ ಲತೀಫಾ ಮೊದಲು ಬಾಯೇ ಬಿಡ್ತಿದ್ದಿಲ್ಲ. ಎಲ್ಲಾರ ದನ್ಯಾಗ ತಪ್ಪಾದ್ರ ಯಾರಿಗೂ ಗೊತ್ತಾಗಂಗಿಲ್ಲ ನೋಡ್ರಿ, ಅಲ್ಲೇ ಧೈರ್ಯ ಬಂತು. ಮತ್ತ ಕನಕಿ ಏಳ್ರಿ ಅಂದ್ರ ಗೌಡ್ರ ಮಗನೂ ಏಳಬೇಕು." ಸ್ವಲ್ಪ ಸುಧಾರಿಸಿಕೊಂಡು, "ಆದ್ರ ಅವರಷ್ಟೇ ಅಂದು ನಾ ಸುಮ್ನಿದ್ರ ಅದು ಬರೇ ಹುಕುಂ ಆಗ್ತದ" ಎನ್ನುತ್ತಾರೆ.

ನಾಳೆಯೂ ಹೀಗೇ ಆದರೆ?

"ಅದಽ ಚಿಂತಿರೀ. ದೊಡ್ಡ ದನಿ ಬ್ಯಾಡ. ಉತ್ತರ ಕೊಡೋವಷ್ಟು ಉಳದ್ರ ಸಾಕು."

ಬಿಡುವು ಮುಗಿದ ಗಂಟೆ. ಒಳಗೆ ಕಾಲಿಟ್ಟರೆ ಗದ್ದಲವಿಲ್ಲ. ಕನಕಮ್ಮ ಏನೂ ಕೂಗದೆ ಬರೀ ಕೈ ಎತ್ತುತ್ತಾಳೆ. ಎಲ್ಲರೂ ಏಳುತ್ತಾರೆ. ಇಡೀ ಶಾಲೆ ಪಿಸುದನಿಯಲ್ಲಿ, ಅದೇ ರಾಗ ಎಳೆದು, "ನಮಸ್ತೇ... ಟೀಚರ್..." ಎನ್ನುತ್ತದೆ.

ಬಸವಂತಮ್ಮ ಕೊನೆಯ ದನಿ ಮುಗಿಯುವವರೆಗೆ ಕಾಯುತ್ತಾರೆ. ಆಮೇಲೆ ಉಸಿರಿನಲ್ಲೇ, "ನಮಸ್ತೇ. ಕುಂದರ್ರಿ."

ಹಿಂದಿನ ಸಾಲಿನವರೆಗೂ ಕೇಳಿಸಿತು. ಎಲ್ಲರೂ ಕೂತರು.