ಬಿರುದು ಮೊದಲು, ವಿಷಯ ಆಮೇಲೆ

ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಹಿಂದೆ ಇದ್ದ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ನಾನು ಐದು ವರ್ಷ ಕೆಲಸ ಮಾಡಿದೆ. ಮದುವೆ ಕಾರ್ಡು, ತಿಥಿ ಕಾರ್ಡು, ಚುನಾವಣೆ ಬಂದರೆ ಕರಪತ್ರ. ತೊಂಬತ್ತರ ದಶಕ ಮುಗಿಯುತ್ತಿದ್ದಾಗ ನಮ್ಮ ಯಜಮಾನರು ಅಂಗಡಿಗೆ ಇಂಟರ್ನೆಟ್ ಹಾಕಿಸಿದರು, 'ಇಲ್ಲಿ ವೆಬ್ ಪುಟ ಮಾಡಿಕೊಡಲಾಗುವುದು' ಎಂದು ಬೋರ್ಡೂ ಬರೆಸಿದರು. ವೆಬ್ ಪುಟ ಅಂದರೇನು ಎಂದು ಬೋರ್ಡು ಬರೆದವನಿಗೂ ಗೊತ್ತಿರಲಿಲ್ಲ, ಓದಿದವರಿಗೂ ಗೊತ್ತಿರಲಿಲ್ಲ. ನಾನು ಒಂದು ಪುಸ್ತಕ ಇಟ್ಟುಕೊಂಡು ತಿಂಗಳೊಪ್ಪತ್ತು ತಲೆ ಕೆಡಿಸಿಕೊಂಡು ಕಲಿತೆ.

ಮೊದಲ ಗಿರಾಕಿ ಊರಿನ ಅಂಗವಿಕಲರ ಸಂಘ. ಆಗ ಆ ಪದವನ್ನೇ ಬಳಸುತ್ತಿದ್ದರು. ಸಂಘದ ಅಧ್ಯಕ್ಷರಿಗೆ ಕಣ್ಣು, ಕಿವಿ, ಕೈಕಾಲು ಎಲ್ಲವೂ ಭದ್ರವಾಗಿದ್ದವು. ಅಕ್ಕಿ ಗಿರಣಿ ಇತ್ತು, ಬಿಳಿ ಅಂಬಾಸಡರ್ ಇತ್ತು. ಬೆಂಗಳೂರಿನ ಯಾವುದೋ ದೊಡ್ಡ ಸಂಸ್ಥೆ ಪುಟ ಮಾಡಿಸಿದೆಯಂತೆ, ನಮಗೂ ಒಂದಿರಲಿ ಎಂದು ಬಂದಿದ್ದರು. ನಾನು ಕೈಲಾದಷ್ಟು ಚಂದ ಮಾಡಿದೆ. ಕೆಂಪು ಹಿನ್ನೆಲೆಯ ಮೇಲೆ ಹಳದಿ ಅಕ್ಷರ, ಎರಡೂ ಕಡೆ ಮಿನುಗುವ ದೀಪಗಳು, ಮೇಲೆ ಓಡುವ ಸ್ವಾಗತ. ಆಗ ಕನ್ನಡವನ್ನು ಪುಟದಲ್ಲಿ ನೇರವಾಗಿ ಬರೆದರೆ, ನಮ್ಮ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕಸಕಡ್ಡಿಯಂಥ ಚಿಹ್ನೆಗಳು ಕಾಣುತ್ತಿದ್ದವು. ಹಾಗಾಗಿ ಪ್ರತಿ ಪ್ರಕಟಣೆಯನ್ನೂ ಕಾರ್ಡು ಮಾಡುವಂತೆ ಜೋಡಿಸಿ, ಚಿತ್ರವನ್ನಾಗಿ ಮಾಡಿ ಅಂಟಿಸಿದ್ದೆ. ನೋಡಿದವರೆಲ್ಲ ಹೊಗಳಿದರು. ನೋಡಿದವರು ಅಂದರೆ ಯಜಮಾನರು, ಅಧ್ಯಕ್ಷರು ಮತ್ತು ಅಧ್ಯಕ್ಷರ ಡ್ರೈವರ್.

ಹದಿನೈದು ದಿನಕ್ಕೆ ಒಬ್ಬರು ಅಂಗಡಿ ಹುಡುಕಿಕೊಂಡು ಬಂದರು. ಮೂವತ್ತು ದಾಟಿರಬಹುದು, ಕೈಯಲ್ಲಿ ಬಿಳಿ ಕೋಲು. ಪಕ್ಕದ ತಾಲ್ಲೂಕಿನ ವಿಜಯಪುರದವರು, ಮನೆಯಲ್ಲಿ ರೇಷ್ಮೆ ಹುರಿ ಮಾಡುವ ಕೆಲಸ. ಬಿ.ಎ. ಮುಗಿಸಿ, ಬೆಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಟೆಲಿಫೋನ್ ಆಪರೇಟರ್ ತರಬೇತಿ ಪಡೆಯುತ್ತಿದ್ದರು. ಅಲ್ಲಿನ ಕಂಪ್ಯೂಟರಿನಲ್ಲಿ ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಇತ್ತಂತೆ. ಸಂಘದ ಸದಸ್ಯರಾದ್ದರಿಂದ ನಮ್ಮ ಪುಟ ತೆರೆದಿದ್ದರು.

"ನಿಮ್ ಪುಟ ನಂಗೇನ್ ಹೇಳ್ತು ಗೊತ್ತಾ ಮೇಡಂ? ಲ್ಯಾಂಪ್ ಒನ್ ಡಾಟ್ ಜಿಫ್. ಲ್ಯಾಂಪ್ ಒನ್ ಡಾಟ್ ಜಿಫ್. ಹನ್ನೆರಡು ಸಲ. ಆಮೇಲೆ ನೋಟೀಸ್ ಟೂ ಡಾಟ್ ಜಿಫ್. ಅಷ್ಟೇ, ಮುಗೀತು."

ನನಗೆ ಮೈಯೆಲ್ಲ ಉರಿಯಿತು. ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ಹೀಗೆ ಆಡಿಕೊಳ್ಳುತ್ತಾರಲ್ಲ ಎಂದು, "ಕನ್ನಡ ಬರೆಯಕ್ಕೆ ಬೇರೆ ದಾರಿ ಇಲ್ಲ ಅಣ್ಣಾ" ಅಂದೆ.

"ಬೇಡ, ಚಿತ್ರಾನೇ ಇರ್ಲಿ. ಚಿತ್ರದ ಕೋಡಲ್ಲಿ ಆಲ್ಟ್ ಅಂತ ಒಂದು ಜಾಗ ಇರುತ್ತೆ. ಅಲ್ಲಿ ಬರೆದದ್ದು ನನ್ನ ಮಿಷಿನ್ ಓದುತ್ತೆ. ಏನೂ ಬರೀದೆ ಬಿಟ್ರೆ ಫೈಲಿನ ಹೆಸ್ರು ಒದರುತ್ತೆ."

ಪುಸ್ತಕದಲ್ಲಿ ಆ ಮಾತು ಇತ್ತು. ನಾನೇ ಅದನ್ನು ಬಿಟ್ಟು ಮುಂದಕ್ಕೆ ಓದಿದ್ದೆ. ಏನು ಬರೆಯಬೇಕು ಎಂದು ಕೇಳಿದೆ. "ನಿಮ್ ತಂಗಿಗೆ ಫೋನಲ್ಲಿ ಈ ನೋಟೀಸು ಹೇಳ್ಬೇಕು ಅಂದ್ಕೊಳಿ. ಏನ್ ಹೇಳ್ತೀರ? ಅದನ್ನ ಬರೀರಿ. ದೀಪಕ್ಕೆಲ್ಲಾ ಎರಡು ಕೊಟೇಶನ್ ಗುರುತು ಹಾಕಿ ಮಧ್ಯೆ ಖಾಲಿ ಬಿಡಿ, ಮಿಷಿನ್ ಅದನ್ನ ದಾಟ್ಕೊಂಡು ಹೋಗುತ್ತೆ. ಕನ್ನಡಾನ ಇಂಗ್ಲಿಷ್ ಅಕ್ಷರದಲ್ಲಿ ಬರೀಬೇಡಿ. ಅದು ಇಂಗ್ಲಿಷ್ ಮಿಷಿನ್ನು, ಸೋಮವಾರಾನ ಅಗಿದು ಉಗಿಯುತ್ತೆ. ನೇರ ಇಂಗ್ಲಿಷಲ್ಲೇ ಬರೀರಿ."

ಅವತ್ತು ಸಂಜೆಯೊಳಗೆ ಎಲ್ಲಕ್ಕೂ ಬರೆದೆ. ಕೆಂಪು ಹಳದಿ, ಓಡುವ ಸ್ವಾಗತ ಎಲ್ಲ ಬಿಟ್ಟು, ಬಿಳಿ ಹಿನ್ನೆಲೆಗೆ ಕಪ್ಪು ಅಕ್ಷರ ದೊಡ್ಡದಾಗಿ ಹಾಕಿದೆ. ಸಂಘದಲ್ಲಿ ಮಂದದೃಷ್ಟಿಯವರೂ ಇದ್ದಾರೆ, ಓಡುವ ಅಕ್ಷರದ ಹಿಂದೆ ಅವರು ಓಡಲಾರರು ಎಂದು ವಿಜಯಪುರದವರೇ ಹೇಳಿದ್ದರು. ಮರುವಾರ ಫೋನ್ ಮಾಡಿ, "ಈಗ ಓದ್ತಾ ಇದೆ ಮೇಡಂ" ಅಂದರು. ಮದುವೆ ಕಾರ್ಡು ಮಾಡಿ ಅಂಥ ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಉತ್ಸಾಹ ತಡೆಯಲಾಗದೆ ಸಂಘದ ವಾರ್ಷಿಕೋತ್ಸವದ ವಿಡಿಯೋ ಕ್ಯಾಸೆಟ್ಟಿಗೂ ಕೈ ಹಾಕಿದೆ. ಅದನ್ನು ಊರಿನ ಕೇಬಲ್ಲಿನಲ್ಲಿ ಹಾಕುವವರಿದ್ದರು. ನಮ್ಮಪ್ಪ ಮೂವತ್ತು ವರ್ಷ ಪವರ್‌ಲೂಮಿನ ಮುಂದೆ ನಿಂತು ಕಿವಿ ಕಳೆದುಕೊಂಡವರು. ನಮ್ಮ ಬೀದಿಯಲ್ಲಿ ಮನೆಗೊಬ್ಬರು ಅಂಥವರು. ಅವರಿಗಾಗಿ ಭಾಷಣದ ಮಾತುಗಳನ್ನು ಪರದೆಯ ಕೆಳಗೆ ಎರಡೆರಡು ಸಾಲಿನಂತೆ ಹಾಕಿದೆ. ಬಿಳಿ ಅಕ್ಷರ, ಸುತ್ತ ಕಪ್ಪು ಅಂಚು. ಮಾತಾಡುತ್ತಿರುವವರು ಬದಲಾದರೆ ಯಾರೆಂದು ಮೊದಲು ತೋರಿಸುವುದು. ಚಪ್ಪಾಳೆ ಬಿದ್ದರೆ 'ಚಪ್ಪಾಳೆ' ಎಂದು ಬರೆಯುವುದು. ಅಪ್ಪ ನಿಧಾನವಾಗಿ ಒಮ್ಮೆ ಓದಿ ಮುಗಿಸುವವರೆಗೆ ಸಾಲು ನಿಲ್ಲಬೇಕು. ಮೂರು ದಿನ ಹಿಡಿಯಿತು. ಅಧ್ಯಕ್ಷರು ನೋಡಿದರು. ದಾನಿಗಳ ಹೆಸರು ಎಲ್ಲಿ ಓಡುತ್ತದೆ ಎಂದು ಕೇಳಿದರು. ಕೆಳಗೇ ಓಡಬೇಕಂತೆ, ಮೇಲೆ ಓಡಿಸಿದರೆ ತಮ್ಮ ಪೇಟಕ್ಕೆ ಅಡ್ಡ ಬರುತ್ತದಂತೆ. ಕೇಬಲ್ಲಿನಲ್ಲಿ ಬಂದಾಗ ನನ್ನ ಸಾಲುಗಳ ಮೇಲೆ ಊರಿನ ದಾನಿಗಳು ಮೆರವಣಿಗೆ ಹೋದರು. ಅಪ್ಪ ಹತ್ತು ನಿಮಿಷ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದು, "ಯಾರ್ದೋ ಹೆಸ್ರು ಬಂದ್ ಬಂದ್ ಹೋಯ್ತವೆ ಕಣಮ್ಮ, ಅವನೇನ್ ಹೇಳ್ತಾವ್ನೆ ಅಂತ ಗೊತ್ತಾಗ್ಲಿಲ್ಲ" ಎಂದು ಎದ್ದು ಹೋದರು.

ಅವತ್ತೇ ನನಗೆ ಬುದ್ಧಿ ಬರಬೇಕಿತ್ತು.

ಕೆಲವು ತಿಂಗಳಾದ ಮೇಲೆ ನಮ್ಮ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯವರು ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಕಣ್ಣು ಕಾಣದವರೊಬ್ಬರನ್ನು ಕಳಿಸಿಕೊಡಿ ಎಂದು ಸಂಘಕ್ಕೆ ಬರೆದರು. ಒಂದೇ ಹುದ್ದೆ. ವಿಜಯಪುರದವರ ತರಬೇತಿ ಆಗಷ್ಟೇ ಮುಗಿದಿತ್ತು; ಹಾಸ್ಟೆಲಿನಲ್ಲಿ ಇನ್ನೊಂದೇ ತಿಂಗಳು ಇರಬಹುದಿತ್ತು. ಕೆಲಸ ಸಿಗದಿದ್ದರೆ ಊರಿಗೆ ವಾಪಸ್ಸು, ಅಣ್ಣಂದಿರ ಮನೆಯಲ್ಲಿ ಜಗಲಿ ಕಾಯುವುದು. ಅದನ್ನು ಅವರೇ ನನಗೆ ಹೇಳಿದ್ದರು. ಸಂದರ್ಶನ ಯಾವಾಗ ಎಂದು ಅಧ್ಯಕ್ಷರಿಗೆ ಫೋನ್ ಮಾಡಿದರೆ, "ಪುಟದಲ್ಲಿ ಹಾಕ್ತೀವಪ್ಪ, ನೋಡ್ಕೊ" ಎಂಬ ಉತ್ತರ ಬಂತಂತೆ. ನೋಡ್ಕೊ ಅಂತೆ.

ಪ್ರಕಟಣೆ ಜೋಡಿಸಿ ಆಲ್ಟಿನಲ್ಲಿ ಇಂಗ್ಲಿಷಿನಲ್ಲಿ ಬರೆದೆ: ಟೆಲಿಫೋನ್ ಆಪರೇಟರ್ ಸಂದರ್ಶನ, ಬರುವ ಸೋಮವಾರ ಬೆಳಿಗ್ಗೆ ಹತ್ತು ಗಂಟೆ, ಸಂಘದ ಕಚೇರಿ, ಅಂಕಪಟ್ಟಿ ತನ್ನಿ. ಅಷ್ಟರಲ್ಲಿ ಅಧ್ಯಕ್ಷರು ಅಂಗಡಿಗೆ ಬಂದರು. ಪುಟ ನೋಡುತ್ತಾ ಮೌಸನ್ನು ಪ್ರಕಟಣೆಯ ಮೇಲೆ ತಂದರು. ಆಗಿನ ಬ್ರೌಸರಿನಲ್ಲಿ ಚಿತ್ರದ ಮೇಲೆ ಬಾಣ ನಿಲ್ಲಿಸಿದರೆ ಆಲ್ಟಿನ ಮಾತು ಚಿಕ್ಕ ಹಳದಿ ಚೌಕದಲ್ಲಿ ಮೂಡುತ್ತಿತ್ತು. ಅವರು ಅದನ್ನು ಮೊದಲ ಸಲ ಕಂಡರು. ಮೌಸ್ ತೆಗೆದರು, ಮತ್ತೆ ಇಟ್ಟರು.

"ಇದೇನಮ್ಮ ಇದು, ಚೀಟಿ ಥರ ಬರ್ತದೆ? ನೋಟೀಸಲ್ಲಿ ಇರೋದ್ನೇ ಮತ್ತೆ ಬರ್ದಿದ್ದೀಯಲ್ಲ. ಜಾಗ ದಂಡ. ಅಲ್ಲಿ ನನ್ ಹೆಸ್ರು ಹಾಕು, ಬಿರುದು ಸಮೇತ."

"ಅದು ನೋಡೋರಿಗಲ್ಲ ಸಾರ್, ಕಾಣದೋರಿಗೆ."

"ಕಾಣದೋರ್ಗೂ ಗೊತ್ತಾಗ್ಲಿ, ಯಾರು ಮಾಡಿಸ್ತಾ ಅವ್ರೆ ಅಂತ."

ನಾನು ವಾದ ಮಾಡಿದೆ. ಯಜಮಾನರು ಗಲ್ಲಾದ ಹಿಂದಿನಿಂದಲೇ ಕಣ್ಣು ಬಿಟ್ಟರು. ಕೊನೆಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಎರಡನ್ನೂ ಬರೆಯಲು ಒಪ್ಪಿದೆ. ಯಾವುದು ಮೊದಲು ಎಂದು ಒಂದು ಗಳಿಗೆ ಯೋಚಿಸಲೂ ಇಲ್ಲ. ಐದು ವರ್ಷ ಆಹ್ವಾನ ಪತ್ರಿಕೆ ಮಾಡಿದ ಕೈ ಅದು. ನಮ್ಮ ಕಡೆ ಕಾರ್ಡಿನಲ್ಲಿ ದಿವ್ಯ ಸಾನ್ನಿಧ್ಯ, ಅಧ್ಯಕ್ಷತೆ, ಉಪಸ್ಥಿತಿ ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ದಿನ ಮತ್ತು ಸ್ಥಳ ಇರುತ್ತದೆ. ಹಾಗೇ ಬರೆದೆ: ಸಮಾಜ ಸೇವಾ ಧುರೀಣರೂ ಕೊಡುಗೈ ದಾನಿಗಳೂ ಆದ ಶ್ರೀಯುತ ಅಧ್ಯಕ್ಷರ ಘನ ಮಾರ್ಗದರ್ಶನದಲ್ಲಿ, ಅಂತ. ಇಂಗ್ಲಿಷಿನಲ್ಲಿ ಅದು ಇನ್ನೂ ಉದ್ದವಾಯಿತು. ಮೂಗಿಗಿಂತ ಮೂಗುತಿ ಭಾರ ಅನ್ನಿಸಿತು, ಆದರೂ ವಿಷಯ ಇದೆಯಲ್ಲ, ಮಿಷಿನ್ನು ಪೂರ್ತಿ ಓದುತ್ತದೆ, ಅವರಿಗೆ ಬೇರೆ ಫೋನ್ ಮಾಡಿ ಹೇಳುವುದೇನೂ ಬೇಡ ಎಂದು ಸಮಾಧಾನ ಮಾಡಿಕೊಂಡೆ. ಅಧ್ಯಕ್ಷರು ನಾಲ್ಕು ಸಲ ಬಾಣ ಇಟ್ಟು ತೆಗೆದು, ಟೀ ತರಿಸಿದರು.

ಸೋಮವಾರ ಸಂದರ್ಶನಕ್ಕೆ ಇಬ್ಬರು ಬಂದಿದ್ದರಂತೆ. ಒಬ್ಬರು ಅಧ್ಯಕ್ಷರ ಗಿರಣಿಯ ಪಕ್ಕದ ಮನೆಯವರು, ಬಾಯಿಮಾತಿನಲ್ಲಿ ತಿಳಿದು ಬಂದವರು. ಅವರಿಗೇ ಕೆಲಸ ಆಯಿತು. ಅವರಿಗೂ ಬೇಕಾಗಿತ್ತು, ಅವರನ್ನು ನಾನು ಬಯ್ಯಲಾರೆ.

ಬುಧವಾರ ಮಧ್ಯಾಹ್ನ ವಿಜಯಪುರದವರು ಅಂಗಡಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಅಂಕಪಟ್ಟಿಯ ಫೈಲು. ಸಂದರ್ಶನ ಯಾವತ್ತು ಅಂತ ಕೇಳಲು ಸಂಘದ ಕಚೇರಿಗೆ ಹೋಗಿದ್ದರು. ಅಲ್ಲಿ, ಮುಗಿದು ಎರಡು ದಿನವಾಯಿತು, ಪುಟದಲ್ಲಿತ್ತಲ್ಲ ಎಂದು ಹೇಳಿ ಕಳಿಸಿದ್ದರು.

"ನಾನು ದಿನಾ ತೆಗ್ದು ನೋಡ್ದೆ ಮೇಡಂ. ಇರ್ಲಿಲ್ಲ" ಅಂದರು.

"ಇತ್ತು ಅಣ್ಣಾ."

"ಹಂಗಾದ್ರೆ ಓದಿ, ಕೇಳ್ತೀನಿ."

ನಾನು ಕೋಡು ತೆರೆದು ಮೊದಲಿಂದ ಓದತೊಡಗಿದೆ. ಸಮಾಜ ಸೇವಾ ಧುರೀಣ ದಾಟಿ ಕೊಡುಗೈ ದಾನಿಗೆ ಬರುವಷ್ಟರಲ್ಲಿ ಅವರು ಮೇಜಿನ ಮೇಲೆ ಬೆರಳಿನಿಂದ ಒಮ್ಮೆ ಕುಟ್ಟಿದರು.

"ಇಲ್ಲಿ. ಇಲ್ಲಿ ಬಾಣದ ಕೀಲಿ ಒತ್ತಿ ಕೆಳಕ್ಕೆ ಹೋಗ್ಬಿಟ್ಟೆ. ಅಧ್ಯಕ್ಷರ ಫೋಟೋ ಏನೋ ಅಂದ್ಕೊಂಡೆ. ದಿನಾ ಇಲ್ಲಿಗೇ ಬಂದು ದಿನಾ ದಾಟ್ಕೊಂಡು ಹೋಗಿದ್ದೀನಿ."

ಅಧ್ಯಕ್ಷರು ಹೇಳಿದರು, ಯಜಮಾನರು ಕಣ್ಣು ಬಿಟ್ಟರು ಎಂದು ಬಾಯಿಗೆ ಬಂತು. ಆದರೆ ಯಾವುದು ಮೊದಲು ಬರಬೇಕು ಎಂದು ಅವರ್ಯಾರೂ ಹೇಳಿರಲಿಲ್ಲ. ನನಗೆ ನನ್ನ ಮೇಲೇ ಸಿಟ್ಟು ಬಂತು. "ಸಾಲು ಹಿಂದೆ ಮುಂದೆ ಮಾಡಿದ್ದು ನಾನೇ ಅಣ್ಣಾ" ಅಂದೆ.

ಅವರು ಫೈಲನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿದರು. "ನಿಲ್ಲಿಸ್ಬೇಡಿ. ಮುಂದಕ್ಕೂ ಓದಿ, ಏನಿತ್ತು ಅಂತ ಕೇಳೋಣ."

ಓದಿದೆ. ಸೋಮವಾರ, ಹತ್ತು ಗಂಟೆ, ಸಂಘದ ಕಚೇರಿ, ಅಂಕಪಟ್ಟಿ ತನ್ನಿ. ಅವರು ತಲೆ ಒಂದು ಕಡೆ ವಾಲಿಸಿ ಕೊನೆಯ ಪದದವರೆಗೂ ಕೇಳಿಸಿಕೊಂಡರು.

"ಎಲ್ಲಾ ಸರಿಯಾಗಿ ಬರ್ದಿದ್ದೀರ ಮೇಡಂ" ಎಂದು ಹೇಳಿ, ಬಾಗಿಲು ಯಾವ ಕಡೆ ಎಂದು ಕೇಳಿದರು.