ಎರಡೂ ಚೌಕಕ್ಕೆ ಟಿಕ್ ಹಾಕಿಸಿದ ಮೇಷ್ಟ್ರು

ನಮ್ಮ ನಿಟ್ಟುವಳ್ಳಿಯ ಓಣಿಯಲ್ಲಿ ಯಾರಿಗೆ ಅರ್ಜಿ ಬೇಕಾದರೂ ನನ್ನ ಮನೆಗೇ ಬರುತ್ತಾರೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವನಿಗೆ ಪ್ರಪಂಚದ ಎಲ್ಲ ಫಾರಂಗಳೂ ಗೊತ್ತಿರುತ್ತವೆ ಎಂಬುದು ಇಲ್ಲಿನ ನಂಬಿಕೆ. ಆ ನಂಬಿಕೆಯನ್ನು ನಾನೂ ಇಪ್ಪತ್ತು ವರ್ಷದಿಂದ ಕೆಡಿಸದೆ ಕಾಪಾಡಿಕೊಂಡು ಬಂದಿದ್ದೆ. ಎದುರುಮನೆಯ ಹನುಮೇಶನ ವಿಷಯದಲ್ಲಿ ಕೆಡಿಸಿದೆ.

ಹನುಮೇಶ್ ಹರಿಹರದ ಒಂದು ಸಣ್ಣ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರದ ಆಪರೇಟರ್. ಬೆಳಗ್ಗೆ ಏಳೂಕಾಲರ ಬಸ್ಸಿಗೆ ಹೊರಟರೆ ಸಂಜೆ ಆರೂವರೆಗೆ ವಾಪಸ್ಸು. ಅಂಗಿಯಲ್ಲಿ ಕೂಲೆಂಟ್ ಎಣ್ಣೆಯ ವಾಸನೆ, ಬೆರಳ ಸಂದಿಯಲ್ಲಿ ಕಬ್ಬಿಣದ ಮಿಣುಕು. ಕೂದಲೆಳೆಯ ಹತ್ತರಲ್ಲೊಂದು ಪಾಲು ಹೆಚ್ಚುಕಮ್ಮಿಯಾದರೂ ಪೀಸನ್ನು ರಿಜೆಕ್ಟ್ ಡಬ್ಬಿಗೆ ಎಸೆಯುವ ಮನುಷ್ಯ. ಒಮ್ಮೆ ನಮ್ಮ ಮನೆಯ ಚಿಲಕ ನೋಡಿ, "ಮೇಷ್ಟ್ರೇ, ಇದನ್ನ ಮಾಡ್ದೋನು ಊಟ ಮಾಡ್ತಾ ಮಾಡಿದಾನ್ರಿ" ಎಂದಿದ್ದ. ಆದರೆ ಕಾಗದ ಕಂಡರೆ ಮಾತ್ರ ನನ್ನ ಮನೆಗೆ ಓಡಿಬರುತ್ತಾನೆ.

ಅವನಿಗಿದ್ದದ್ದು ಒಂದೇ ಹಟ: ಐವತ್ತೆಂಟಕ್ಕೆ ಕಾರ್ಖಾನೆ ಮನೆಗೆ ಕಳಿಸುವ ಮೊದಲು ಮನೆಸಾಲ ತೀರಬೇಕು. ಕಳೆದ ಜೂನ್‌ನಲ್ಲಿ ಅವನಿಗೆ ಐವತ್ತೊಂದು ತುಂಬಿತು. ಸಾಲ ಇನ್ನೂ ಒಂಬತ್ತು ಲಕ್ಷ, ಬಡ್ಡಿ ಶೇಕಡಾ ಒಂಬತ್ತು, ತಿಂಗಳಿಗೆ ₹11,401ರಂತೆ ನೂರಿಪ್ಪತ್ತು ಕಂತು. ಅಂದರೆ ಅರವತ್ತೊಂದರವರೆಗೆ. ಅಷ್ಟರಲ್ಲಿ ಬಾತಿ ಊರಿನ ಹಳೇ ಜಾಗ ಮಾರಿ ಅಣ್ಣತಮ್ಮಂದಿರು ಹಂಚಿಕೊಂಡಾಗ ಇವನ ಪಾಲಿಗೆ ಎರಡು ಲಕ್ಷ ಬಂತು. ಹೆಂಡತಿ ಸರೋಜಾ ಒಂದು ರೂಪಾಯಿಯನ್ನೂ ಮುಟ್ಟದೆ, "ಸಾಲಕ್ಕೇ ಕಟ್ರಿ" ಎಂದಳು.

ಬ್ಯಾಂಕಿನಿಂದ ಫಾರಂ ತಂದು ಹನುಮೇಶ್ ನನ್ನ ಮುಂದೆ ಇಟ್ಟ. ಭಾಗಶಃ ಮುಂಗಡ ಪಾವತಿಯ ಫಾರಂ. ಕೊನೆಗೆ ಎರಡು ಚೌಕ: ಕಂತು ಹಾಗೇ ಇರಲಿ, ಅವಧಿ ಇಳಿಯಲಿ; ಅವಧಿ ಹಾಗೇ ಇರಲಿ, ಕಂತು ಇಳಿಯಲಿ.

"ಯಾವ್ದುಕ್ಕೆ ಟಿಕ್ ಹಾಕ್ಲಿ ಮೇಷ್ಟ್ರೇ?"

"ಎರಡೂ ಒಳ್ಳೇದೇ ಅಲ್ವೇನಯ್ಯಾ? ಎರಡಕ್ಕೂ ಹಾಕು. ಬ್ಯಾಂಕಿನೋರು ಎಷ್ಟು ಕೊಡ್ತಾರೋ ಅಷ್ಟು ಲಾಭ."

ಮದುವೆ ಮನೆಯಲ್ಲಿ ಪಾಯಸಾನೋ ಹೋಳಿಗೇನೋ ಎಂದು ಕೇಳಿದರೆ ನಾನು ಹೇಳುವ ಉತ್ತರವೂ ಇದೇ. ಚೌಕಗಳ ಮೇಲೆ ಸಣ್ಣಕ್ಷರದಲ್ಲಿ 'ಒಂದನ್ನು ಮಾತ್ರ ಆರಿಸಿ' ಎಂದಿತ್ತು. ನನ್ನ ಕನ್ನಡಕ ಶಾಲೆಯ ಸ್ಟಾಫ್ ರೂಮಿನಲ್ಲಿತ್ತು.

ಜೂನ್ ಆರಕ್ಕೆ ಹಣ ಕಟ್ಟಿದ. ಜುಲೈಯಲ್ಲಿ ಕಂತಿನ ಮೆಸೇಜು ಬಂತು: ₹8,867. ಹನುಮೇಶ್ ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ನಮ್ಮ ಮನೆಗೇ ಬಂದ. "ಎರಡೂವರೆ ಸಾವಿರ ಉಳೀತು ಮೇಷ್ಟ್ರೇ! ಅವಧೀನೂ ಇಳಿದಿರ್ತೈತೆ, ಅಲ್ರೀ?" ನಾನು ಮೆಣಸಿನಕಾಯಿ ಕಚ್ಚುತ್ತ, ಇಳಿಯದೇ ಎಲ್ಲಿ ಹೋಗುತ್ತೆ ಎಂದೆ. ಮರುವಾರವೇ ಸರೋಜಾ ತಿಂಗಳಿಗೆ ₹2,450ರಂತೆ ಹನ್ನೆರಡು ಕಂತಿಗೆ ವಾಷಿಂಗ್ ಮೆಷೀನ್ ತಂದಳು. ಎಣ್ಣೆ ಬಟ್ಟೆ ಕುಕ್ಕಿ ಕುಕ್ಕಿ ಅವಳ ಸೊಂಟ ಹಿಡಿದು ನಾಲ್ಕು ವರ್ಷವಾಗಿತ್ತು.

ಸೆಪ್ಟೆಂಬರ್‌ನಲ್ಲಿ ಕಾರ್ಖಾನೆಯ ಲೆಕ್ಕದ ಅಶ್ಫಾಕ್ ಯಾವುದೋ ಕಾಗದಕ್ಕಾಗಿ ಸಾಲದ ಸ್ಟೇಟ್‌ಮೆಂಟ್ ಕೇಳಿದ. ಹನುಮೇಶ್ ತಂದುಕೊಟ್ಟ. ಅಶ್ಫಾಕ್ ಒಂದು ನಿಮಿಷ ನೋಡಿ ಪೆನ್ನು ಕೆಳಗಿಟ್ಟನಂತೆ.

"ಹನುಮೇಶಣ್ಣ, ಬಾಕಿ ಕಂತು ನೂರಾ ಹದಿನೇಳು ಅಂತೈತೆ."

"ಅಂದ್ರೆ?"

"ಮೂರು ಕಟ್ಟಿದೀಯಾ, ಮೂರೇ ಇಳಿದೈತೆ. ಅವಧಿ ಒಂದು ದಿನಾನೂ ಕಮ್ಮಿ ಆಗಿಲ್ಲ."

ಆ ಭಾನುವಾರ ಅಶ್ಫಾಕ್ ನಮ್ಮ ಜಗಲಿಗೇ ಬಂದು ಲೆಕ್ಕ ಬಿಡಿಸಿದ. ನನಗೂ ಅರ್ಥವಾಯಿತು ಎಂದರೆ ಅವನು ಎಷ್ಟು ನಿಧಾನ ಹೇಳಿದ ಎಂದು ತಿಳಿಯಿರಿ. ಎರಡು ಲಕ್ಷ ಕಟ್ಟಿದ ಮೇಲೆ ಅಸಲು ಏಳು ಲಕ್ಷ. ತಿಂಗಳ ಬಡ್ಡಿ ಅದರ ಮುಕ್ಕಾಲು ಪರ್ಸೆಂಟು, ₹5,250. ಹಳೇ ಕಂತೇ ಕಟ್ಟಿದ್ದರೆ ಉಳಿದ ₹6,151 ಅಸಲಿಗೆ ಹೋಗುತ್ತಿತ್ತು. ಹೊಸ ಕಂತಿನಲ್ಲಿ ಅಸಲಿಗೆ ಹೋಗುವುದು ₹3,617 ಮಾತ್ರ.

"ಹಳೇ ಕಂತೇ ಇದ್ದಿದ್ರೆ ಎಂಬತ್ಮೂರು ತಿಂಗಳಿಗೆ ಸಾಲ ಖಲಾಸ್ ಮೇಷ್ಟ್ರೇ. ಐವತ್ತೆಂಟಕ್ಕೆ ಒಂದು ತಿಂಗಳು ಮೊದ್ಲೇ. ಬಡ್ಡಿ ಉಳಿತಾಯ ಎರಡೂಕಾಲು ಲಕ್ಷ. ಈಗ ಉಳಿಯೋದು ಒಂದು ಲಕ್ಷ ಚಿಲ್ರೆ."

ಹನುಮೇಶ್ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ನಾನು ನೆಲದ ಇರುವೆಗಳನ್ನು ಎಣಿಸಿದೆ.

ಅಶ್ಫಾಕ್ ಇನ್ನೊಂದು ತಪ್ಪು ಹಿಡಿದಿದ್ದ. ಹಣ ಕಟ್ಟಿದ್ದು ಜೂನ್ ಆರು, ಅಸಲಿನಲ್ಲಿ ಕಳೆದಿದ್ದು ಇಪ್ಪತ್ತಾರು. ಇಪ್ಪತ್ತು ದಿನ ಆ ಎರಡು ಲಕ್ಷಕ್ಕೂ ಬಡ್ಡಿ ಬಿದ್ದಿತ್ತು.

ಸೋಮವಾರ ನಾನು ಶಾಲೆಗೆ ಅರ್ಧ ದಿನ ರಜೆ ಹಾಕಿ, ಹನುಮೇಶ್ ಅರ್ಧ ದಿನದ ಸಂಬಳ ಬಿಟ್ಟು ಬ್ಯಾಂಕಿಗೆ ಹೋದೆವು. ಸಾಲದ ವಿಭಾಗದ ಶೋಭಾರಾಣಿ ಮೇಡಂ ರಸೀದಿಯನ್ನೂ ಸ್ಟೇಟ್‌ಮೆಂಟನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

"ತಾರೀಕು ನಮ್ಮದೇ ತಪ್ಪು ಸರ್. ಒಂಬೈನೂರ ಎಂಬತ್ತಾರು ರೂಪಾಯಿ ವಾಪಸ್ ಹಾಕಿಸ್ತೀನಿ."

ನನಗೆ ಎದೆ ಉಬ್ಬಿತು. ನ್ಯಾಯ ಇನ್ನೂ ಇದೆ ಎನ್ನಿಸಿತು. "ಹಂಗೇ ಅವಧೀನೂ..." ಎಂದೆ.

ಅವರು ಫಾರಂ ತೆಗೆಸಿದರು. ಎರಡೂ ಚೌಕದಲ್ಲಿ ದಪ್ಪ ದಪ್ಪ ಟಿಕ್ಕು.

"ಎರಡಕ್ಕೂ ಹಾಕಿದೀರಲ್ರೀ. ಹಂಗಿದ್ರೆ ಸಿಸ್ಟಮ್ಮು ಕಂತನ್ನೇ ಇಳಿಸುತ್ತೆ. ಯಾರು ಹೇಳಿಕೊಟ್ಟಿದ್ದು?"

ಹನುಮೇಶ್, "ನಾನೇ ಮೇಡಂ, ಓದು ಬರಾಕಿಲ್ಲ" ಎಂದ. ಏಳನೇ ಕ್ಲಾಸು ಪಾಸಾದವನು ಅವನು. ಅವನ ಪಕ್ಕದಲ್ಲಿ ಎಂ.ಎ. ನಿಂತಿತ್ತು, ಬಾಯಿ ಬಿಡಲಿಲ್ಲ.

ಬದಲಾಯಿಸಿಕೊಡಿ ಎಂದು ಅರ್ಜಿ ಕೊಟ್ಟೆವು. ಈ ಸಲ ಅಶ್ಫಾಕ್ ಬರೆದ. ಮೂರು ವಾರದ ಮೇಲೆ ಹೆಡ್ ಆಫೀಸಿನ ಉತ್ತರ ಬಂತು: ಸಹಿ ಮಾಡಿದ ಫಾರಂ ಪ್ರಕಾರ ಆಗಿದೆ. ಇನ್ನೊಮ್ಮೆ ಕನಿಷ್ಠ ಇಪ್ಪತ್ತೈದು ಸಾವಿರ ಮುಂಗಡ ಕಟ್ಟಿದಾಗ, ಇಲ್ಲವೇ ಬಡ್ಡಿ ದರ ಬದಲಾದಾಗ ಹೊಸದಾಗಿ ಆರಿಸಬಹುದು. ದರ ಯಾವಾಗ ಬದಲಾಗುತ್ತದೆ ಎಂದು ಕೇಳಿದ್ದಕ್ಕೆ ಶೋಭಾರಾಣಿ ಮೇಡಂ, "ಅದು ನಮಗೂ ಪೇಪರ್ ನೋಡಿದ್ಮೇಲೇ ಗೊತ್ತಾಗೋದು ಸರ್" ಎಂದರು.

ತಿಂಗಳಿಗೆ ಉಳಿಯುವ ₹2,534 ಕೂಡಿಟ್ಟರೆ ಹತ್ತು ತಿಂಗಳಿಗೆ ಇಪ್ಪತ್ತೈದು ಸಾವಿರವಾಗುತ್ತದೆ ಎಂದು ಅಶ್ಫಾಕ್ ದಾರಿ ತೋರಿಸಿದ. ಆದರೆ ಆ ದುಡ್ಡನ್ನು ಮೆಷೀನು ನುಂಗುತ್ತಿತ್ತು. ಹನುಮೇಶ್ ಮನೆಗೆ ಹೋಗಿ ಮೆಷೀನು ವಾಪಸ್ ಕೊಡೋಣವಾ ಎಂದು ಮೆಲ್ಲಗೆ ಕೇಳಿದ. ಸರೋಜಾ ಬಾಗಿಲಿಗೇ ಬಂದು, ನನಗೂ ಕೇಳಲಿ ಎಂಬಂತೆ ಹೇಳಿದಳು:

"ಟಿಕ್ ಹಾಕ್ಸಿದ್ದು ಮೇಷ್ಟ್ರು, ಹಾಕಿದ್ದು ನೀವು. ಅದಕ್ಕೆ ನನ್ ಸೊಂಟ ಯಾಕ ಬಗ್ಗಬೇಕ್ರಿ?"

ಅವಳು ಹೇಳಿದ್ದು ಸರಿಯಾಗೇ ಇತ್ತು.

ನಾನು ತಿಂಗಳಿಗೆ ಸಾವಿರ ಕೊಡುತ್ತೇನೆ ಎಂದೆ. ಹನುಮೇಶ್ ಕೈ ಮುಗಿದು, "ಬ್ಯಾಡ ಬಿಡ್ರಿ ಮೇಷ್ಟ್ರೇ, ನಿಮ್ ಮನೆ ಸಾಲ ಎಷ್ಟೈತೋ ಏನೋ" ಎಂದ. ಅದು ಎಷ್ಟಿದೆ ಎಂದು ನನಗೂ ಗೊತ್ತಿರಲಿಲ್ಲ. ನಾನೂ ಸ್ಟೇಟ್‌ಮೆಂಟ್ ತೆಗೆಸಿ ನೋಡಿದವನಲ್ಲ.

ಈಗಿನ ಲೆಕ್ಕದಲ್ಲಿ ಅವನಿಗೆ ಐವತ್ತೆಂಟು ತುಂಬುವ ದಿನ ಮೂವತ್ತಾರು ಕಂತು ಬಾಕಿ ಇರುತ್ತದೆ. ಮೊನ್ನೆ ಶನಿವಾರ ಹರಿಹರದಲ್ಲಿ ಸಂಬಳ ತೆಗೆದುಕೊಂಡವನೇ, ಮಾಲೀಕರ ಟೇಬಲ್ಲಿನ ಮುಂದೆ ನಿಂತು, ರಿಟೈರಾದ ಮೇಲೆ ಮೂರು ವರ್ಷ ದಿನಗೂಲಿ ಮೇಲೆ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದನಂತೆ. ಅವರು ಫೋನಿನಿಂದ ತಲೆ ಎತ್ತದೆ, "ಅದಕ್ಕಿನ್ನೂ ಏಳು ವರ್ಷ ಐತಲ್ಲೋ ಮಾರಾಯ, ಆಗ ಕಾರ್ಖಾನೆ ಇದ್ರೆ ನೋಡೋಣ" ಎಂದರಂತೆ.

"ಕಣ್ಣು ಹೆಂಗಿರ್ತಾವೋ ಏನೋ ಮೇಷ್ಟ್ರೇ, ಲೇತಿಗೆ ಕಣ್ಣು ಬೇಕು" ಎಂದು ನನಗೆ ಹೇಳಿ, ಹನುಮೇಶ್ ಒಳಗೆ ಹೋಗಿ ಮೆಷೀನಿನಿಂದ ತನ್ನ ಅಂಗಿಗಳನ್ನು ತೆಗೆದು ತಂತಿಗೆ ಹಾಕತೊಡಗಿದ.